ಮೇಷ್ಟ್ರ ಪುಸ್ತಕಗಳಿಗೆ ಬರೆದ ಎರಡು ಕೃತಜ್ಞತಾ ಪತ್ರಗಳು: ಒಂದು ಪ್ರಕರಣ ಅಧ್ಯಯನ

ಪತ್ರ ಕಳುಹಿಸಿ ಹತ್ತು ದಿನವಾಗಿತ್ತು. ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆಯುವ ಹೊತ್ತಿಗೆ ಆ ತಾಯಿ ಮಗಳ ಜೊತೆ ಆಟೋದಿಂದ ಇಳಿದರು. ಎಂಬತ್ತರ ಹತ್ತಿರದ ವಯಸ್ಸು. ಕುಳಿತು ಸುಧಾರಿಸಿಕೊಂಡು, ಕೈಚೀಲದಿಂದ ನಮ್ಮ ಲಕೋಟೆಯನ್ನು ತೆಗೆದು ಮೇಜಿನ ಮೇಲಿಟ್ಟರು. "ಇದು ನಮ್ಮ ದೊಡ್ಡವನ ಹೆಸರಿಗೆ ಬಂದಿದೆ. ಪುಸ್ತಕ ಕೊಟ್ಟವಳು ನಾನು, ಓದಿದವರು ನಮ್ಮ ಯಜಮಾನರು. ಇಬ್ಬರ ಹೆಸರೂ ಇದರಲ್ಲಿ ಇಲ್ಲವಲ್ಲ ಸ್ವಾಮಿ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಆ ಪತ್ರವನ್ನು ಬರೆದವನು ನಾನು. ತುಮಕೂರಿನ ಒಂದು ಸಣ್ಣ ಟ್ರಸ್ಟ್ ಗ್ರಂಥಾಲಯದ ಹೊಣೆ ನೋಡಿಕೊಳ್ಳುತ್ತೇನೆ. ಒಂದು ಹಜಾರ, ಒಂದು ಕೊಠಡಿ, ಅರೆಕಾಲಿಕ ಸಹಾಯಕಿಯೊಬ್ಬರು. ಅಪರೂಪದ ಪುಸ್ತಕ ಸಂಗ್ರಹವೊಂದು ನಮ್ಮಲ್ಲಿಗೆ ಬಂದದ್ದು ಅದೇ ಮೊದಲು. ಅದಕ್ಕೆ ಕೃತಜ್ಞತೆ ಹೇಳುವಲ್ಲಿ ನಾವು ಎಲ್ಲಿ ತಪ್ಪಿದೆವು, ಎರಡನೆಯ ಪತ್ರವನ್ನು ಹೇಗೆ ಬರೆದೆವು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ದಾನಿಯ ಕುಟುಂಬದ ಒಪ್ಪಿಗೆ ಪಡೆದಿದ್ದೇನೆ. ಹೆಸರುಗಳನ್ನೂ ಹಳ್ಳಿಗಳ ಗುರುತನ್ನೂ ಬಿಟ್ಟಿದ್ದೇನೆ.

ಪುಸ್ತಕಗಳು ಚಿಕ್ಕಪೇಟೆಯ ಒಂದು ಹಳೆಯ ಮನೆಯವು. ಯಜಮಾನರು ಜಿಲ್ಲೆಯ ಹಲವು ಊರುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯನ್ನು ಬಾಡಿಗೆಗೆ ಕೊಡುವುದಕ್ಕಾಗಿ ಮಹಡಿಯ ಕೋಣೆಯನ್ನು ಖಾಲಿ ಮಾಡಬೇಕಾಗಿ ಬಂದಾಗ, ದೊಡ್ಡ ಮಗ ಟೆಂಪೊ ಮಾಡಿಸಿ ಮೂರು ತಗಡಿನ ಟ್ರಂಕು, ಎಂಟು ಗೋಣಿಚೀಲ ತಂದು ಇಳಿಸಿದರು. ಆ ದಿನ ನಾವು ಕೊಟ್ಟ ರಸೀದಿ ಸರಿಯಾಗಿತ್ತು. "ಮೂರು ಟ್ರಂಕು, ಎಂಟು ಚೀಲ ಪುಸ್ತಕ ತಲುಪಿದೆ, ಎಣಿಕೆ ಆಗಬೇಕಿದೆ" ಎಂದಷ್ಟೇ ಬರೆದು, ದಿನಾಂಕ ಹಾಕಿ, ತಂದವರ ಸಹಿ ಪಡೆದಿದ್ದೆವು. ಅಷ್ಟಕ್ಕೇ ನಿಲ್ಲಿಸಿ ಒಂದು ತಿಂಗಳು ತಡೆದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಆದರೆ ನಾಲ್ಕನೆಯ ದಿನವೇ, ಟ್ರಂಕುಗಳ ಮುಚ್ಚಳವನ್ನಷ್ಟೇ ತೆಗೆದು ನೋಡಿ, ಕಂಪ್ಯೂಟರಿನಲ್ಲಿದ್ದ ಹಳೆಯ ನಮೂನೆಯ ಮೇಲೆ ಹೀಗೆ ಬರೆದೆ:

"ತಾವು ನಮ್ಮ ಗ್ರಂಥಾಲಯಕ್ಕೆ ಉದಾರವಾಗಿ ನೀಡಿರುವ ಸುಮಾರು ನಾಲ್ಕು ನೂರು ಅಮೂಲ್ಯ ಗ್ರಂಥಗಳು (ಅಂದಾಜು ಮೌಲ್ಯ ರೂ. 2 ಲಕ್ಷ), ಅದರಲ್ಲೂ 1894ರ ಕಿಟ್ಟೆಲ್ ನಿಘಂಟಿನ ಮೂಲ ಪ್ರತಿ, ನಮ್ಮ ಸಂಸ್ಥೆಯ ಹೆಮ್ಮೆ. ಇವುಗಳನ್ನು ಪ್ರತ್ಯೇಕ ವಿಭಾಗದಲ್ಲಿ ಶಾಶ್ವತವಾಗಿ ಸಂರಕ್ಷಿಸಲಾಗುವುದು. ತಮ್ಮ ಔದಾರ್ಯಕ್ಕೆ ನಾವು ಚಿರಋಣಿಗಳು."

ಓದಲು ಚೆನ್ನಾಗಿಯೇ ಇದೆ. ಆದರೆ ಇದರಲ್ಲಿ ನಿಲ್ಲುವ ಮಾತು ಒಂದೂ ಇಲ್ಲ.

ಮೊದಲು ಹೆಸರಿನ ವಿಷಯ. ಟೆಂಪೊ ತಂದವರೇ ದಾನಿ ಎಂದುಕೊಂಡದ್ದು ನನ್ನ ತಪ್ಪು. ಮೇಷ್ಟ್ರು ಉಯಿಲು ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಂಥ ಸಂದರ್ಭದಲ್ಲಿ ಹೆಂಡತಿಗೂ ಗಂಡು ಹೆಣ್ಣು ಮಕ್ಕಳಿಗೂ ಸಮನಾದ ಹಕ್ಕಿದೆ, ಪುಸ್ತಕಗಳ ಮೇಲೂ. ಈ ಮನೆಯಲ್ಲಿ ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಒಬ್ಬರ ಹೆಸರಿಗೆ ಮಾತ್ರ ಕೃತಜ್ಞತಾ ಪತ್ರ ಹೋದರೆ, ಗ್ರಂಥಾಲಯವೇ ಅವರೊಬ್ಬರನ್ನು ಮಾಲೀಕರೆಂದು ಒಪ್ಪಿಕೊಂಡಂತೆ ಕಾಗದವೊಂದು ಹುಟ್ಟುತ್ತದೆ. ಈ ಕುಟುಂಬದಲ್ಲಿ ಮನಸ್ತಾಪವಿರಲಿಲ್ಲ, ನಮ್ಮ ಪುಣ್ಯ. ಇದ್ದಿದ್ದರೆ ಎರಡನೆಯ ಮಗನೋ ಮಗಳೋ ಬಂದು "ನಮ್ಮನ್ನು ಕೇಳದೆ ಹೇಗೆ ತೆಗೆದುಕೊಂಡಿರಿ" ಎಂದರೆ ಆ ಪತ್ರವೇ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ಕಾನೂನಿಗಿಂತ ಹೆಚ್ಚಾಗಿ ಕಾಡಿದ್ದು ಆ ತಾಯಿಯ ಮಾತು. ಮಹಡಿಯ ಆ ಕೋಣೆಯಲ್ಲಿ ನಾಲ್ಕು ವರ್ಷ ಪ್ರತಿ ಶುಕ್ರವಾರ ಪುಸ್ತಕಗಳ ಧೂಳು ಒರೆಸಿ, ಬೇವಿನ ಸೊಪ್ಪು ಬದಲಿಸುತ್ತಿದ್ದವರು ಅವರು. ರದ್ದಿಯವನು ಎರಡು ಸಲ ಬಂದು ಕೇಳಿದಾಗ ಕೊಡದೆ ಉಳಿಸಿದವರೂ ಅವರೇ. ಮಗಳು ಇದನ್ನು ಹೇಳುತ್ತಿದ್ದಾಗ ಅವರು ನಮ್ಮ ಕಪಾಟುಗಳ ಕಡೆ ನೋಡುತ್ತಾ ಸುಮ್ಮನೆ ಕುಳಿತಿದ್ದರು. ತಂದ ದಿನ "ಅಮ್ಮನವರು ಒಪ್ಪಿದ್ದಾರೆಯೇ, ಅವರನ್ನು ಒಮ್ಮೆ ಕಂಡು ಮಾತನಾಡಬಹುದೇ" ಎಂದು ನಾನು ಮಗನನ್ನು ಕೇಳಿದ್ದರೆ ಸಾಕಾಗಿತ್ತು.

ಅವರು ಹೋದ ಮೇಲೆ ಪತ್ರದ ಉಳಿದ ಮಾತುಗಳನ್ನು ಒಂದೊಂದಾಗಿ ಒರೆಗೆ ಹಚ್ಚಿದೆ. ಅದಕ್ಕೆ ಪುಸ್ತಕಗಳನ್ನು ಎಣಿಸಲೇಬೇಕಿತ್ತು. ಬಂದ ದಿನದಿಂದ ಚೀಲಗಳನ್ನೆಲ್ಲ ಒಳಕೋಣೆಯಲ್ಲಿ ಬೇರೆಯಾಗಿ ಇಟ್ಟಿದ್ದೆವು. ಹೊರಗಿನಿಂದ ಬಂದ ಹಳೆಯ ಪುಸ್ತಕವನ್ನು ನೇರವಾಗಿ ಕಪಾಟಿಗೆ ಸೇರಿಸಿದರೆ ಬೂಷ್ಟೂ ಹುಳುವೂ ಉಳಿದ ಪುಸ್ತಕಗಳಿಗೆ ಹರಡುತ್ತವೆ. ಚೀಲದ ಕೆಳಗೆ ಬಿಳಿ ಕಾಗದ ಹಾಸಿಟ್ಟು ವಾರಕ್ಕೊಮ್ಮೆ ನೋಡುವುದು ನಮ್ಮ ಪದ್ಧತಿ. ಕಾಗದದ ಮೇಲೆ ಹೊಸದಾಗಿ ಸಣ್ಣ ಹುಡಿ ಬಿದ್ದಿದ್ದರೆ ಒಳಗೆ ಹುಳು ಇನ್ನೂ ಬದುಕಿದೆ ಎಂದರ್ಥ. ಒಂದು ಚೀಲದ ಕೆಳಗೆ ಹಾಗೆ ಕಂಡಿತು. ಅದರ ಪುಸ್ತಕಗಳನ್ನು ಕೊನೆಗೆ ಉಳಿಸಿಕೊಂಡೆವು.

ಎಣಿಕೆ ಮುಗಿದಾಗ ಒಟ್ಟು 386 ಪುಸ್ತಕಗಳು. ಅದರಲ್ಲಿ 127 ಶಾಲಾ ಪಠ್ಯಗಳು ಮತ್ತು ನಮ್ಮಲ್ಲಿ ಈಗಾಗಲೇ ಇರುವ ಪುಸ್ತಕಗಳು. 198 ಸಾಮಾನ್ಯ ಓದಿಗೆ ಹೋಗುವಂಥವು. ಉಳಿದ 61 ಬೀಗದ ಕಪಾಟಿಗೆ ಸೇರಬೇಕಾದವು. ಹೀಗಿರುವಾಗ "ನಾಲ್ಕು ನೂರು ಅಮೂಲ್ಯ ಗ್ರಂಥಗಳು" ಎಂದು ಬರೆದದ್ದು ಎಣಿಕೆಯಲ್ಲೂ ಗುಣದಲ್ಲೂ ತಪ್ಪು. ಅದಕ್ಕಿಂತ ಹೆಚ್ಚು ಕಸಿವಿಸಿ ತಂದದ್ದು ಕಿಟ್ಟೆಲ್ ನಿಘಂಟು.

ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂತು. ಟ್ರಂಕಿನಲ್ಲಿದ್ದ ಪ್ರತಿಗೆ ಮೊದಲ ಕೆಲವು ಹಾಳೆಗಳು ಇರಲಿಲ್ಲ. ರಟ್ಟಿನ ಒಳಬದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ "1894" ಎಂದು ಬರೆದಿದ್ದರು, ಮನೆಯವರೂ ಹಾಗೆಯೇ ನಂಬಿದ್ದರು, ನಾನೂ ಅದನ್ನೇ ನಕಲು ಮಾಡಿದ್ದೆ. ಆದರೆ ಆ ನಿಘಂಟಿನ ಪುಟಗಳನ್ನು ಹಾಗೆಯೇ ಛಾಯಾಚಿತ್ರ ತೆಗೆದು ಆಫ್‌ಸೆಟ್‌ನಲ್ಲಿ ಮರುಮುದ್ರಿಸಿದ ಪ್ರತಿಗಳೂ ಪ್ರಚಾರದಲ್ಲಿವೆ. ಪುಟಸಂಖ್ಯೆ, ಸಾಲು, ಅಕ್ಷರ ಎಲ್ಲವೂ ಮೂಲದಂತೆಯೇ ಇರುವುದರಿಂದ ಪಠ್ಯ ನೋಡಿ ತಿಳಿಯುವುದಿಲ್ಲ, ಬೆರಳಿನಿಂದ ತಿಳಿಯಬೇಕು. ಅಚ್ಚುಮೊಳೆಯಲ್ಲಿ ಒತ್ತಿದ ಹಾಳೆಯನ್ನು ಹಿಂಬದಿಯಿಂದ ಮೆಲ್ಲಗೆ ಸವರಿದರೆ ಅಕ್ಷರದ ಒತ್ತು ಬೆರಳಿಗೆ ಸಿಗುತ್ತದೆ, ಓರೆಬೆಳಕಿನಲ್ಲಿ ಹಿಡಿದರೆ ಸಾಲುಗಳು ಉಬ್ಬಿದಂತೆ ಕಾಣುತ್ತವೆ. ಈ ಪ್ರತಿಯ ಹಾಳೆ ಎರಡೂ ಬದಿ ನುಣುಪಾಗಿತ್ತು. ಭೂತಗನ್ನಡಿ ಇಟ್ಟು ನೋಡಿದಾಗ ಒತ್ತಕ್ಷರಗಳ ಸಣ್ಣ ಸಂದುಗಳು ಮಸಿಯಿಂದ ತುಂಬಿಕೊಂಡಿದ್ದವು, ತೆಳುಗೆರೆಗಳು ಅಲ್ಲಲ್ಲಿ ತುಂಡಾಗಿದ್ದವು. ಚಿತ್ರ ತೆಗೆದು ಮುದ್ರಿಸಿದಾಗ ಆಗುವುದು ಹಾಗೆ. ಹಾಳೆಯ ಅಂಚೂ ನೂರು ವರ್ಷ ದಾಟಿದ ಕಾಗದದಂತೆ ಕಂದು ತಿರುಗಿರಲಿಲ್ಲ. ಅದು ಮರುಮುದ್ರಣವೇ.

ಇದನ್ನು ಪತ್ರದಲ್ಲಿ ಬರೆದು ತಿಳಿಸುವುದು ಸರಿಯಲ್ಲ ಎನಿಸಿತು. ಆ ತಾಯಿಯ ಮನೆಗೇ ಹೋಗಿ ಪುಸ್ತಕವನ್ನು ತೋರಿಸಿ, ಅಚ್ಚುಮೊಳೆಯಲ್ಲಿ ಮುದ್ರಿಸಿದ ಇನ್ನೊಂದು ಹಳೆಯ ಪುಸ್ತಕದ ಹಾಳೆಯನ್ನು ಪಕ್ಕದಲ್ಲಿಟ್ಟು, ಅವರ ಕೈಯಿಂದಲೇ ಸವರಿಸಿದೆ. ಅವರು ಎರಡನ್ನೂ ಮುಟ್ಟಿ ನೋಡಿ "ಹೌದು, ಇದರಲ್ಲಿ ಒತ್ತು ಇಲ್ಲ" ಎಂದರು. ಎರಡನೆಯ ಪತ್ರದ ಪಟ್ಟಿಯಲ್ಲಿ ಅದು "ಕಿಟ್ಟೆಲ್ ನಿಘಂಟು, ಮರುಮುದ್ರಣ, ಮೊದಲ ಹಾಳೆಗಳು ಇಲ್ಲ" ಎಂದು ಹೋಯಿತು.

ಇನ್ನು ಎರಡು ಲಕ್ಷದ ಮಾತು. ದೊಡ್ಡ ಮಗ ತೆರಿಗೆ ವಿನಾಯಿತಿಗೆ ಬೇಕಾದೀತೆಂದು ಕೇಳಿದ್ದರು, ನಾನು ಕಣ್ಣಂದಾಜಿನಲ್ಲಿ ಬರೆದಿದ್ದೆ. ಆದಾಯ ತೆರಿಗೆ ಕಾಯ್ದೆಯಲ್ಲಿ ದಾನಕ್ಕೆ ಸಿಗುವ ವಿನಾಯಿತಿ ಹಣವಾಗಿ ಕೊಟ್ಟದ್ದಕ್ಕೆ ಮಾತ್ರ. ಪುಸ್ತಕ, ಬಟ್ಟೆ, ಅಕ್ಕಿಯಂಥ ವಸ್ತುರೂಪದ ದಾನಕ್ಕೆ ಇಲ್ಲ. ಹಾಗಾಗಿ ಆ ಅಂಕಿ ಅವರ ಉಪಯೋಗಕ್ಕೆ ಬರುತ್ತಲೇ ಇರಲಿಲ್ಲ. ಇನ್ನೊಂದು ಕಡೆ, ದಾನ ಪಡೆಯುವವರೇ ಬೆಲೆ ಕಟ್ಟಿದರೆ ಅದಕ್ಕೆ ಬೆಲೆಯೇ ಇಲ್ಲ. ಮುಂದೆ ಯಾವುದೋ ಪುಸ್ತಕ ಕಳೆದುಹೋದರೆ, ಕುಟುಂಬದಲ್ಲಿ ಪಾಲಿನ ಮಾತು ಬಂದರೆ, ಗ್ರಂಥಾಲಯದ ಮುದ್ರೆಯಿರುವ ಆ ಎರಡು ಲಕ್ಷ ಮೇಲೆದ್ದು ಬರುತ್ತದೆ. ಬೆಲೆ ತಿಳಿಯಬೇಕೆಂದರೆ ದಾನಿ ಹೊರಗಿನ ತಜ್ಞರಿಂದ, ಕೊಡುವ ಮೊದಲೇ ಬರೆಸಿಕೊಳ್ಳಬೇಕು. ಮಗನಿಗೆ ಇದನ್ನು ವಿವರಿಸಿದೆ. ಸ್ವಲ್ಪ ನಿರಾಶೆಯಾಯಿತು, ಆದರೆ ಒಪ್ಪಿದರು.

ನನಗೆ ಈಗಲೂ ಹೆಚ್ಚು ನಾಚಿಕೆ ತರುವುದು "ಶಾಶ್ವತವಾಗಿ" ಎಂಬ ಪದ. ಇರುವುದು ಒಂದು ಕೊಠಡಿ, ಪ್ರತ್ಯೇಕ ವಿಭಾಗ ಎಲ್ಲಿಂದ ಬರಬೇಕು? 127 ಪುಸ್ತಕಗಳನ್ನು ನಾವು ಇಟ್ಟುಕೊಳ್ಳುವಂತೆಯೇ ಇರಲಿಲ್ಲ. ಮುಂದೊಂದು ದಿನ ಮೇಷ್ಟ್ರ ಹೆಸರು ಬರೆದ ಪುಸ್ತಕ ಬಿ.ಎಚ್. ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಅವರ ಮೊಮ್ಮಕ್ಕಳ ಕಣ್ಣಿಗೆ ಬಿದ್ದರೆ, ನಮ್ಮ ಪತ್ರ ಸುಳ್ಳಾಯಿತು ಎಂದೇ ಅರ್ಥ. ಇಂಥ ಮಾತುಗಳಿಗೆ ಪತ್ರ ಸರಿಯಾದ ಜಾಗವಲ್ಲ. ಅದಕ್ಕಾಗಿ ಒಂದು ಪುಟದ ದಾನಪತ್ರ ಬೇರೆ ಮಾಡಿದೆವು. ಚರಾಸ್ತಿಯ ದಾನಕ್ಕೆ ವಸ್ತುವನ್ನು ಒಪ್ಪಿಸಿದರೆ ಸಾಕು, ನೋಂದಣಿ ಕಡ್ಡಾಯವಲ್ಲ. ಆದರೂ ತಾಯಿ ಮತ್ತು ಮೂವರು ಮಕ್ಕಳ ಸಹಿಯಿರುವ ಕಾಗದವಿದ್ದರೆ ಮುಂದೆ ಯಾರಿಗೂ ಗೊಂದಲವಿರುವುದಿಲ್ಲ. ಪುಸ್ತಕಗಳ ಒಡೆತನ ಗ್ರಂಥಾಲಯದ್ದು. ಬೇಡವಾದವನ್ನು ಮೊದಲು ಕುಟುಂಬಕ್ಕೆ ತೋರಿಸಿ, ಅವರು ಬೇಡವೆಂದರೆ ಹಳ್ಳಿಯ ಪ್ರೌಢಶಾಲೆಗೆ ಕೊಡಬಹುದು, ರದ್ದಿಗೆ ಹಾಕುವಂತಿಲ್ಲ. ಮೇಷ್ಟ್ರ ಕೈಬರಹದ ಟಿಪ್ಪಣಿಗಳನ್ನು ಸ್ಕ್ಯಾನ್ ಮಾಡಿ ಓದುಗರಿಗೆ ಕೊಡಬಹುದು. ಈ ಕೊನೆಯದನ್ನು ಬಿಡಿಸಿ ಬರೆಸಿಕೊಂಡದ್ದಕ್ಕೆ ಕಾರಣವಿದೆ: ಪುಸ್ತಕ ನಮ್ಮ ಕೈಗೆ ಬಂದರೂ ಅದರ ಅಂಚಿನಲ್ಲಿ ಬರೆದ ಮಾತಿನ ಕೃತಿಸ್ವಾಮ್ಯ ಬರೆದವರ ವಾರಸುದಾರರಲ್ಲಿಯೇ ಉಳಿಯುತ್ತದೆ.

ಆ ಟಿಪ್ಪಣಿಗಳೇ ಈ ಸಂಗ್ರಹದ ಜೀವ. 61 ಪುಸ್ತಕಗಳ ನಡುವೆ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟವಿತ್ತು. ಬಿ.ಎಲ್. ರೈಸ್ ಸಂಪಾದಿಸಿದ, 1904ರಲ್ಲಿ ಹೊರಬಂದ, ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ. ತಾಲ್ಲೂಕುವಾರು ಸಂಖ್ಯೆ ಹಾಕಿ, ಶಾಸನ ಯಾವ ಊರಿನ ಯಾವ ಜಾಗದಲ್ಲಿ ಸಿಕ್ಕಿತು ಎಂದು ತಿಳಿಸಿ, ಪಾಠವನ್ನೂ ಇಂಗ್ಲಿಷ್ ಅನುವಾದವನ್ನೂ ಕೊಟ್ಟಿರುವ ಪುಸ್ತಕ. ಈ ಸಂಪುಟ ಬೇರೆ ದೊಡ್ಡ ಗ್ರಂಥಾಲಯಗಳಲ್ಲಿ ಇದೆ, ಸ್ಕ್ಯಾನ್ ಪ್ರತಿಯೂ ಸಿಗುತ್ತದೆ. ಆದರೆ ಮೇಷ್ಟ್ರು ತಮ್ಮ ಪ್ರತಿಯನ್ನು ಸೈಕಲ್ಲಿನಲ್ಲಿ ಇಟ್ಟುಕೊಂಡು, ತಾವು ಕೆಲಸ ಮಾಡಿದ ಊರುಗಳ ಸುತ್ತ ತಿರುಗಿ, ಒಂದೊಂದು ಕಲ್ಲನ್ನೂ ಹುಡುಕಿದ್ದರು. ಅಂಚಿನಲ್ಲಿ ಚೂಪು ಪೆನ್ಸಿಲಿನಿಂದ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ, ದಿನಾಂಕ ಹಾಕಿ ಬರೆದಿದ್ದರು: "ಇದೆ. ಮಾರಿಗುಡಿ ಹಿಂದೆ. ಅರ್ಧ ಹೂತಿದೆ." "ಇದೆ. ಸುಣ್ಣ ಬಳಿದಿದ್ದಾರೆ, ಓದಲಾಗದು." ಕುಣಿಗಲ್ ತಾಲ್ಲೂಕಿನ ಒಂದು ಶಾಸನದ ಪಕ್ಕ: "ಇಲ್ಲ. ಮೋರಿ ಸೇತುವೆಗೆ ಹೋಯಿತಂತೆ. 14-4-1968."

ರೈಸ್ ಕಂಡ ಕಲ್ಲು ಅರವತ್ನಾಲ್ಕು ವರ್ಷದ ನಂತರ ಏನಾಯಿತು ಎಂಬುದು ಈ ಒಂದು ಪ್ರತಿಯಲ್ಲಿದೆ. ಇಂಥ 43 ಟಿಪ್ಪಣಿಗಳನ್ನು ಎಣಿಸಿದೆವು. ನನ್ನ ಮೊದಲ ಪತ್ರ ಮರುಮುದ್ರಣದ ನಿಘಂಟನ್ನು ಹೊಗಳಿ, ಇದನ್ನು ಕಂಡೇ ಇರಲಿಲ್ಲ. ಕಾಣಲು ಪುಸ್ತಕ ಬಿಚ್ಚಿ ಪುಟ ತಿರುವಬೇಕಿತ್ತು.

ಪುಟ ತಿರುವುವಾಗ ಇನ್ನೂ ಹಲವು ವಸ್ತುಗಳು ಸಿಕ್ಕವು: ಮನಿಯಾರ್ಡರ್ ರಸೀದಿಗಳು, ಒಂದು ಜಾತಕದ ಹಾಳೆ, ಮಗುವಿನ ಭಾವಚಿತ್ರ, ಅಂಟಿಸಿದ್ದ ಒಂದು ಇನ್‌ಲ್ಯಾಂಡ್ ಪತ್ರ. ಒಟ್ಟು ಹನ್ನೊಂದು. ಯಾವ ಪುಸ್ತಕದ ಯಾವ ಪುಟದಲ್ಲಿ ಸಿಕ್ಕಿತೆಂದು ಬರೆದಿಟ್ಟು, ಇನ್‌ಲ್ಯಾಂಡ್ ಪತ್ರವನ್ನು ತೆರೆಯದೆ, ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿದೆವು. ಪುಸ್ತಕ ದಾನ ಕೊಟ್ಟವರು ಅದರೊಳಗೆ ಮರೆತಿಟ್ಟ ಕಾಗದವನ್ನೂ ದಾನ ಕೊಟ್ಟರೆಂದು ನಾವು ಭಾವಿಸುವಂತಿಲ್ಲ.

ದಾನಪತ್ರಕ್ಕೆ ಎಲ್ಲರ ಸಹಿ ಆದ ಮೇಲೆ, ಪುಸ್ತಕಗಳು ಬಂದ ಏಳನೆಯ ವಾರದಲ್ಲಿ, ಎರಡನೆಯ ಪತ್ರ ಹೋಯಿತು. ಅದು ಹೀಗಿತ್ತು:

"ಪೂಜ್ಯ ಅಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಯಜಮಾನರು ಕೂಡಿಟ್ಟ, ಅವರ ನಂತರ ನೀವು ಕಾಪಾಡಿದ 386 ಪುಸ್ತಕಗಳು ನಮ್ಮ ಗ್ರಂಥಾಲಯಕ್ಕೆ ತಲುಪಿವೆ. ಪಟ್ಟಿಯನ್ನು ಇದರೊಂದಿಗೆ ಇಟ್ಟಿದ್ದೇವೆ. ಮೊದಲ ಪತ್ರದಲ್ಲಿ ನಿಮ್ಮ ಹೆಸರೂ ಅವರ ಹೆಸರೂ ಬಿಟ್ಟುಹೋದದ್ದಕ್ಕೆ ಕ್ಷಮೆ ಕೇಳುತ್ತೇವೆ. ಆ ಪತ್ರದ ಬದಲಿಗೆ ಇದನ್ನು ಇಟ್ಟುಕೊಳ್ಳಬೇಕೆಂದು ಕೋರಿಕೆ.

ತುಮಕೂರು ಜಿಲ್ಲೆಯ ಶಾಸನ ಸಂಪುಟದ ಅಂಚಿನಲ್ಲಿ ಮೇಷ್ಟ್ರು ಬರೆದ 43 ಟಿಪ್ಪಣಿಗಳನ್ನು ಓದಿದೆವು. ಕುಣಿಗಲ್ ತಾಲ್ಲೂಕಿನ ಒಂದು ಕಲ್ಲು ಮೋರಿ ಸೇತುವೆಗೆ ಹೋಯಿತೆಂದು ಅವರು 1968ರಲ್ಲಿ ಗುರುತು ಹಾಕಿದ್ದಾರೆ. ಈ ಮಾಹಿತಿ ನಮಗೆ ಬೇರೆಲ್ಲೂ ಸಿಕ್ಕಿಲ್ಲ. ಆ ಟಿಪ್ಪಣಿಗಳನ್ನು ನೀವು ಕೊಟ್ಟ ಅನುಮತಿಯಂತೆ ಸ್ಕ್ಯಾನ್ ಮಾಡಿದ್ದೇವೆ. ಪ್ರತಿಯೊಂದು ನಿಮಗೂ ಬರುತ್ತದೆ.

61 ಪುಸ್ತಕಗಳನ್ನು ಬೀಗದ ಕಪಾಟಿನಲ್ಲಿ ಇಟ್ಟಿದ್ದೇವೆ. ಅವನ್ನು ಇಲ್ಲಿಯೇ ಕುಳಿತು ಓದಬಹುದು, ಮನೆಗೆ ಕೊಡುವುದಿಲ್ಲ. 198 ಪುಸ್ತಕಗಳು ಎಲ್ಲರ ಓದಿಗೆ ಸಿಗುತ್ತವೆ. 127 ಪುಸ್ತಕಗಳ ವಿಷಯ ದಾನಪತ್ರದಲ್ಲಿ ಒಪ್ಪಿದಂತೆ ನಡೆಯುತ್ತದೆ. ಪುಟಗಳ ನಡುವೆ ಸಿಕ್ಕ ಹನ್ನೊಂದು ವಸ್ತುಗಳು ಈ ಕವರಿನಲ್ಲಿವೆ, ಅವು ನಿಮ್ಮವು.

ಪುಸ್ತಕಗಳನ್ನು ನೋಡಬೇಕೆನಿಸಿದ ದಿನ ಬನ್ನಿ. ಮೆಟ್ಟಿಲು ಹತ್ತುವ ಕಷ್ಟವಿಲ್ಲದಂತೆ ಕಪಾಟನ್ನು ಕೆಳಗಿನ ಹಜಾರದಲ್ಲಿಯೇ ಇಟ್ಟಿದ್ದೇವೆ.

ಕೃತಜ್ಞತೆಗಳೊಂದಿಗೆ."

ಕೆಳಗೆ ಟ್ರಸ್ಟಿನ ಅಧ್ಯಕ್ಷರ ಸಹಿ ಮತ್ತು ನನ್ನ ಸಹಿ. ನಕಲು ಮೂವರು ಮಕ್ಕಳಿಗೂ ಹೋಯಿತು. ಬೆಲೆಯ ಮಾತಿಲ್ಲ, ಶಾಶ್ವತದ ಮಾತಿಲ್ಲ, "ಅಮೂಲ್ಯ" ಎಂಬ ಪದವೂ ಇಲ್ಲ. ಪತ್ರದಲ್ಲಿರುವ ಕೆಲಸಗಳೆಲ್ಲ, ಸ್ಕ್ಯಾನ್ ಪ್ರತಿ ಮುಟ್ಟಿಸುವುದನ್ನೂ 127 ಪುಸ್ತಕಗಳ ವಿಲೇವಾರಿಯನ್ನೂ ಬಿಟ್ಟರೆ, ಪತ್ರ ಹೊರಡುವ ಮೊದಲೇ ಆಗಿದ್ದವು. ಆ ಪ್ರತಿಯನ್ನು ಮುಂದಿನ ಸೋಮವಾರ ಸಹಾಯಕಿ ತಾವೇ ಹೋಗಿ ಕೊಟ್ಟು ಬಂದರು.

ಫಲಕದ ಪ್ರಶ್ನೆ ಬಂದಾಗ ಆ ತಾಯಿ ಬೇಡವೆಂದರು. ಪುಸ್ತಕದೊಳಗೆ ಯಜಮಾನರ ಹೆಸರಿದ್ದರೆ ಸಾಕಂತೆ. ಆಮ್ಲವಿಲ್ಲದ ಕಾಗದದಲ್ಲಿ ಸಣ್ಣ ಹೆಸರುಚೀಟಿ ಮುದ್ರಿಸಿ, ಮುಂದಿನ ರಟ್ಟಿನ ಒಳಬದಿಗೆ ಗೋಧಿ ಗಂಜಿಯ ಅಂಟಿನಿಂದ ಹಚ್ಚಿದೆವು. ಈ ಅಂಟನ್ನು ಬೇಕೆಂದಾಗ ಒದ್ದೆ ಮಾಡಿ ಬಿಡಿಸಬಹುದು, ಪೇಟೆಯ ಬಿಳಿ ಅಂಟನ್ನು ಬಿಡಿಸಹೋದರೆ ಹಳೆಯ ಕಾಗದವೇ ಕಿತ್ತುಬರುತ್ತದೆ. ನಮ್ಮ ನೇರಳೆ ಮೊಹರನ್ನು 61 ಪುಸ್ತಕಗಳಲ್ಲಿ ಯಾವುದರ ಮೇಲೂ ಒತ್ತಲಿಲ್ಲ. ದಾಖಲೆ ಸಂಖ್ಯೆಯನ್ನು ಮೆತ್ತನೆಯ ಪೆನ್ಸಿಲಿನಲ್ಲಿ ಬರೆದೆವು.

ಪತ್ರ ತಲುಪಿದ ಮರುವಾರ ಅವರು ಮತ್ತೆ ಬಂದರು, ಈ ಸಲ ಸ್ಕ್ಯಾನ್ ಪ್ರತಿ ಹಿಡಿದುಕೊಂಡು. ಕುಣಿಗಲ್ಲಿನ ಕಲ್ಲಿನ ಪುಟವನ್ನು ತೆಗೆದು, "ಇದು ಸೇತುವೆಗೆ ಹೋಗಲಿಲ್ಲ. ಅವರಿಗೆ ಯಾರೋ ಹಾಗೆ ಹೇಳಿದ್ದರು. ಮಳೆಗಾಲ ಕಳೆದ ಮೇಲೆ ನಾನೂ ಜೊತೆಗೆ ಹೋಗಿದ್ದೆ. ಊರ ಬಾವಿಯ ಕಟ್ಟೆಗೆ ಮಗುಚಿ ಹಾಕಿದ್ದರು, ಬಟ್ಟೆ ಒಗೆಯುತ್ತಿದ್ದರು. ಅದನ್ನು ಅವರು ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿದ್ದಾರೆ" ಎಂದರು.

ಆ ನೋಟ್‌ಬುಕ್ಕು ಟ್ರಂಕಿನಲ್ಲಿ ಬಂದಿರಲಿಲ್ಲ. ಪುಸ್ತಕವಲ್ಲ, ಬರೀ ಬರಹ, ಯಾರಿಗೆ ಬೇಕು ಎಂದು ಅದನ್ನೂ ಅದರ ಜೊತೆಯ ಇನ್ನೂ ಐದನ್ನೂ ದೇವರ ಮನೆಯ ಗೂಡಿನಲ್ಲಿ ಇಟ್ಟುಕೊಂಡಿದ್ದರು. ಮಗಳು ಮರುದಿನ ಆರನ್ನೂ ತಂದು ಕೊಟ್ಟರು. ಅವನ್ನು ದಾನಪತ್ರಕ್ಕೆ ಸೇರಿಸಿ ಮತ್ತೆ ನಾಲ್ವರ ಸಹಿ ಪಡೆದೆವು. ಶಾಸನ ಸಂಪುಟದ ದಾಖಲೆ ಸಂಖ್ಯೆಯ ಮುಂದೆ, ಷರಾ ಕಾಲಂನಲ್ಲಿ, ಸಹಾಯಕಿ ಹೀಗೆ ಬರೆದರು: "ಅಂಚಿನ ಟಿಪ್ಪಣಿಗಳಿಗೆ ನೋಟ್‌ಬುಕ್ 1ರಿಂದ 6 ನೋಡಿ. ಕುಣಿಗಲ್ ಕಲ್ಲಿನ ತಿದ್ದುಪಡಿ ನೋಟ್‌ಬುಕ್ 3, ಪುಟ 22. ತಿಳಿಸಿದವರು ದಾನಿ, ಸ್ವತಃ ಕಂಡದ್ದು."